ವಾಪಸ್ ಬಂದ ಕುರ್ತಿ ಯಾವ ಕಪಾಟಿಗೆ?

ಗ್ರಾಹಕರಿಂದ ಹಿಂತಿರುಗಿದ ಉಡುಪಿನ ಪಾರ್ಸೆಲ್ ಬಿಚ್ಚಿದವರು ಸಾಮಾನ್ಯವಾಗಿ ಮೊದಲು ನೋಡುವುದು ಅದಕ್ಕೆ ಏನಾಗಿದೆ ಎಂಬುದನ್ನು. ಕಲೆ ಇದೆಯೇ, ಹೊಲಿಗೆ ಬಿಟ್ಟಿದೆಯೇ, ಟ್ಯಾಗ್ ಇದೆಯೇ ಎಂದು ನೋಡಿ ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ಹಾಳಾಗಿದೆ’ ಎಂಬ ಮೂರು ರಾಶಿ ಮಾಡುತ್ತಾರೆ. ಆಮೇಲೆ ನಡುವಿನ ರಾಶಿ ತಿಂಗಳುಗಟ್ಟಲೆ ಬಿದ್ದಿರುತ್ತದೆ; ‘ಪರವಾಗಿಲ್ಲ’ ಎಂದ ಬಟ್ಟೆಯನ್ನು ಮುಂದೇನು ಮಾಡಬೇಕೆಂದು ಯಾರೂ ನಿರ್ಧರಿಸಿರುವುದಿಲ್ಲ. ಉಡುಪಿನ ಸ್ಥಿತಿಗೆ ದರ್ಜೆ ಕೊಡುವುದರಿಂದ ಹಣ ವಾಪಸ್ ಬರುವುದಿಲ್ಲ. ಅದು ಎಲ್ಲಿಗೆ ಹೋಗಬೇಕು, ಅಲ್ಲಿ ಮಾರಿದರೆ ಎಲ್ಲ ಖರ್ಚು ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ದರ್ಜೆ ನಿಲ್ಲಬೇಕು, ಮತ್ತು ಆ ನಿರ್ಧಾರ ಪಾರ್ಸೆಲ್ ಬಿಚ್ಚಿದ ಮೇಜಿನ ಮೇಲೇ ಆಗಬೇಕು ಎಂಬುದು ಈ ಲೇಖನದ ವಾದ. ದೊಡ್ಡ ಕಂಪನಿಗಳಿಗೆ ಇದಕ್ಕೆಂದೇ ಗೋದಾಮುಗಳಿವೆ. ಇಲ್ಲಿನ ಲೆಕ್ಕ ತಿಂಗಳಿಗೆ ಕೆಲವು ನೂರು ಉಡುಪು ಕಳಿಸುವ, ಅದರಲ್ಲಿ ಒಂದು ಪಾಲು ವಾಪಸ್ ಪಡೆಯುವ ಸಣ್ಣ ಘಟಕದವರಿಗೆ.

ವಾಪಸ್ ಬರುವ ಮಾಲಿನಲ್ಲಿ ಎರಡು ಬಗೆ ಇವೆ, ಅವನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಒಂದು, ಗ್ರಾಹಕರ ಕೈಸೇರದೆ ಹಿಂತಿರುಗಿದ್ದು: ಕ್ಯಾಶ್ ಆನ್ ಡೆಲಿವರಿ ಆರ್ಡರ್ ಹಾಕಿ ಬೇಡವೆಂದವರು, ವಿಳಾಸಕ್ಕೆ ಸಿಗದವರು. ವ್ಯಾಪಾರಿಗಳು ಇದನ್ನು ಆರ್‌ಟಿಒ ಎನ್ನುತ್ತಾರೆ. ಇದರ ಸೀಲ್ ಒಡೆಯದಿದ್ದರೆ ಒಳಗಿನ ಬಟ್ಟೆ ಕಳಿಸಿದ ಹಾಗೆಯೇ ಇರುವುದು ಹೆಚ್ಚು. ಹೊರಚೀಲ ಬದಲಿಸಿ ದಾಸ್ತಾನಿಗೆ ಸೇರಿಸಬಹುದು. ಮಳೆಗಾಲದಲ್ಲಿ ಮಾತ್ರ ಒಳಗೆ ತೇವ ಹೊಕ್ಕಿದೆಯೇ ಎಂದು ನೋಡಿಕೊಳ್ಳಬೇಕು. ಎರಡನೆಯದು ಗ್ರಾಹಕರು ತೆರೆದು, ತೊಟ್ಟು ನೋಡಿ, ಕೆಲವೊಮ್ಮೆ ಮದುವೆಗೇ ತೊಟ್ಟುಕೊಂಡು ಹೋಗಿ ಬಂದು ಹಿಂತಿರುಗಿಸಿದ್ದು. ಕಷ್ಟವೆಲ್ಲ ಇರುವುದು ಇದರಲ್ಲಿ. ಕಾರ್ಖಾನೆಯಿಂದ ಬಂದ ಲಾಟನ್ನು ಹತ್ತಾರು ಉಡುಪು ಎತ್ತಿ ಪರೀಕ್ಷಿಸಿ ಇಡೀ ಲಾಟಿನ ಗುಣಮಟ್ಟ ಹೇಳುವ ಪದ್ಧತಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಒಂದೇ ಯಂತ್ರ, ಒಂದೇ ಲೈನ್, ಒಂದೇ ಬಟ್ಟೆ ಇರುವುದರಿಂದ ಅಲ್ಲಿ ಅದು ನಡೆಯುತ್ತದೆ. ವಾಪಸ್ ಬಂದ ಹತ್ತು ಕುರ್ತಿಗಳು ಹತ್ತು ಮನೆಗಳಿಗೆ ಹೋಗಿ ಬಂದಿರುತ್ತವೆ. ಒಂದನ್ನು ನೋಡಿ ಇನ್ನೊಂದರ ಬಗ್ಗೆ ಏನೂ ಹೇಳಲಾಗದು. ಹಾಗಾಗಿ ಪ್ರತಿಯೊಂದನ್ನೂ ನೋಡಲೇಬೇಕು, ಆದರೆ ಪ್ರತಿಯೊಂದಕ್ಕೂ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬಾರದು.

ಆ ಎರಡು ನಿಮಿಷಕ್ಕೆ ಒಂದು ಕ್ರಮ ಬೇಕು. ಪಾರ್ಸೆಲ್‌ನ ಬಾರ್‌ಕೋಡ್ ಕಾಣುವಂತೆ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ. ಬೇರೆ ಬಟ್ಟೆ ತುಂಬಿ ಕಳಿಸಿದ್ದರೆ ಮಾರಾಟ ತಾಣದ ಮುಂದೆ ಪರಿಹಾರ ಕೇಳಲು ಅದೇ ಆಧಾರ. ಒಳಗಿನ ಪ್ಲಾಸ್ಟಿಕ್ ಚೀಲ ತೆರೆದೊಡನೆ ಮೂಸಿ ನೋಡುವುದು ಮೊದಲ ಕೆಲಸ. ಬಟ್ಟೆಯನ್ನು ಕೊಡವಿ ಹರಡಿದ ಮೇಲೆ ಸೆಂಟು, ಬೆವರು, ಒಗ್ಗರಣೆಯ ವಾಸನೆ ಗಾಳಿಗೆ ಹೋಗಿ ಕೈತಪ್ಪುತ್ತದೆ, ಮತ್ತೆ ಚೀಲದಲ್ಲಿಟ್ಟರೆ ಮುಂದಿನ ಗ್ರಾಹಕರ ಮನೆಯಲ್ಲಿ ಎದ್ದು ಬರುತ್ತದೆ. ಅನಂತರ ಕತ್ತಿನ ಒಳಭಾಗ ನೋಡಿ: ತಲೆಯ ಮೇಲಿಂದ ತೊಡುವ ಉಡುಪಿಗೆ ಮುಖದ ಕ್ರೀಮು, ಪೌಡರು ತಗಲುವುದು ಅಲ್ಲೇ. ಆಮೇಲೆ ಕಂಕುಳ, ತೋಳಿನ ಅಂಚು, ಕೆಳಗಿನ ಮಡಿಕೆ. ಸೊಂಟದ ಕೆಳಗೆ ಅಡ್ಡಡ್ಡ ಸುಕ್ಕುಗಳಿದ್ದರೆ ತೊಟ್ಟವರು ಬಹಳ ಹೊತ್ತು ಕೂತಿದ್ದರು ಎಂದರ್ಥ. ಕನ್ನಡಿಯ ಮುಂದೆ ಐದು ನಿಮಿಷ ತೊಟ್ಟು ತೆಗೆದರೆ ಅಂಥ ಸುಕ್ಕು ಬೀಳುವುದಿಲ್ಲ. ಕೊನೆಗೆ ಟ್ಯಾಗ್ ಕಟ್ಟಿದ ಪ್ಲಾಸ್ಟಿಕ್ ದಾರ ನಿಮ್ಮದೇ ಹೌದೇ, ಕತ್ತರಿಸಿ ಹೊಸದು ಹಾಕಿದ್ದಾರೆಯೇ ಎಂದು ನೋಡಿ.

ಇದಕ್ಕೆಲ್ಲ ನೆರವಾಗುವ ಒಂದೇ ಸಾಧನವೆಂದರೆ ಅದೇ ಲಾಟಿನ, ಯಾರೂ ಮುಟ್ಟದ ಒಂದು ಉಡುಪು. ಅದನ್ನು ಮೇಜಿನ ಪಕ್ಕ ತೂಗುಹಾಕಿರಬೇಕು. ಒಮ್ಮೆ ಒಗೆದ ರೇಯಾನ್ ಕುರ್ತಿ ನೋಡಲು ಹೊಸದರಂತೆಯೇ ಇರಬಹುದು. ಆದರೆ ಮೊದಲ ಒಗೆತದಲ್ಲೇ ರೇಯಾನ್ ಕುಗ್ಗುವುದರಿಂದ ಉದ್ದವನ್ನು ಈ ಮಾದರಿಯ ಜೊತೆ ಹೋಲಿಸಿದೊಡನೆ ಗುಟ್ಟು ರಟ್ಟಾಗುತ್ತದೆ. ಕೆಲವರು ನೋಟು ನೋಡುವ ನೇರಳೆ ಬೆಳಕಿನ ಟಾರ್ಚ್ ಬಳಸುತ್ತಾರೆ. ಮನೆಯ ಡಿಟರ್ಜೆಂಟಿನಲ್ಲಿರುವ ಬಿಳಿ ಹೊಳಪಿನ ರಾಸಾಯನಿಕ ಆ ಬೆಳಕಿನಲ್ಲಿ ನೀಲಿಯಾಗಿ ಮಿನುಗುವುದು ನಿಜ. ಆದರೆ ಗಿರಣಿಯವರೇ ಬಿಳಿ ಮತ್ತು ತಿಳಿ ಬಣ್ಣದ ಬಟ್ಟೆಗೆ ಅಂಥದ್ದೇ ರಾಸಾಯನಿಕ ಹಾಕಿರುತ್ತಾರೆ. ಪಕ್ಕದಲ್ಲಿ ಮಾದರಿ ಇಲ್ಲದೆ ಟಾರ್ಚ್ ನಂಬಿದರೆ ಪ್ರಾಮಾಣಿಕ ಗ್ರಾಹಕರ ಮೇಲೆ ಸುಮ್ಮನೆ ಗೂಬೆ ಕೂರಿಸಿದಂತಾಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಬೆಂಗಳೂರಿನ ಒಂದು ಸಣ್ಣ ಘಟಕ ರೇಯಾನ್ ಕುರ್ತಿಯನ್ನು ಮಾರಾಟ ತಾಣದಲ್ಲಿ 699 ರೂಪಾಯಿಗೆ ಮಾರುತ್ತದೆ ಎಂದಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು. ಕಮಿಷನ್, ತೆರಿಗೆ, ಸಾಗಣೆ ಕಳೆದು ಖಾತೆಗೆ 430 ರೂಪಾಯಿ ಬೀಳುತ್ತದೆ. ವಾಪಸ್ ಬಂದರೆ ಎರಡೂ ಕಡೆಯ ಸಾಗಣೆ ಸೇರಿ 180 ರೂಪಾಯಿ ಕೈಬಿಡುತ್ತದೆ. ಈಗ ಮೇಜಿನ ಮೇಲಿರುವ ಕುರ್ತಿಯ ಮೇಲೆ ಆ 180 ಆಗಲೇ ಹೋಗಿದೆ, ಹೊಲಿಸಿದ ಖರ್ಚೂ ಹೋಗಿದೆ. ಮುಂದಿನ ನಿರ್ಧಾರದಲ್ಲಿ ಅವೆರಡಕ್ಕೂ ಜಾಗವಿಲ್ಲ. ‘ಇಷ್ಟು ಖರ್ಚಾಗಿದೆ, ಇಷ್ಟಾದರೂ ಬರಬೇಕು’ ಎಂದು ಕೂತವರೇ ಹಳೆ ಮಾಲನ್ನು ಎರಡು ವರ್ಷ ಕಾಯುವವರು.

ಕುರ್ತಿ ನಿಷ್ಕಳಂಕವಾಗಿದೆ, ಮತ್ತೆ ಹೊಸದೆಂದೇ ಮಾರಬಹುದು ಎನ್ನೋಣ. ಹಾಗೆಂದು ಅದರ ಬೆಲೆ 430 ಎಂದು ಬರೆದುಕೊಂಡರೆ ತಪ್ಪಾಗುತ್ತದೆ. ಈ ಮಾಲಿನಲ್ಲಿ ಹತ್ತಕ್ಕೆ ಮೂರು ವಾಪಸ್ ಬರುತ್ತವೆ ಎಂದಾದರೆ, ಮತ್ತೆ ಕಳಿಸಿದ ಹತ್ತರಲ್ಲಿ ಏಳು ಉಳಿದು 3,010 ರೂಪಾಯಿ ತರುತ್ತವೆ. ಮೂರು ಮರಳಿ 540 ರೂಪಾಯಿ ತಿನ್ನುತ್ತವೆ. ಆ ಮೂರನ್ನು ಕೊನೆಗೆ ಸಗಟು ಲಾಟಿಗೆ ತಲಾ 60ಕ್ಕೆ ಹಾಕಿದರೆ 180 ಸಿಗುತ್ತದೆ. ಪರೀಕ್ಷೆ, ಇಸ್ತ್ರಿ, ಹೊಸ ಚೀಲಕ್ಕೆ ಹತ್ತಕ್ಕೂ ಸೇರಿ 200 ಕಳೆಯಿರಿ. ಉಳಿದದ್ದು 2,450, ಅಂದರೆ ಒಂದಕ್ಕೆ 245 ರೂಪಾಯಿ. ಅದೇ ಕುರ್ತಿಯನ್ನು ಅಂಗಡಿಯ ಒಂದು ಮೂಲೆಯಲ್ಲೋ ವಾರಾಂತ್ಯದ ಮಾರಾಟ ಮೇಳದಲ್ಲೋ ‘ಸೆಕೆಂಡ್ಸ್, ವಾಪಸ್ ಇಲ್ಲ’ ಎಂದು ಸ್ಪಷ್ಟವಾಗಿ ಬರೆದು 270ಕ್ಕೆ ಕೊಟ್ಟು, ಎಲ್ಲ ಸೇರಿ 60 ಖರ್ಚಾದರೆ ಕೈಗೆ 210. ಮೇಲ್ನೋಟಕ್ಕೆ 430 ಮತ್ತು 270ರ ನಡುವೆ ಕಂಡ 160 ರೂಪಾಯಿಯ ಅಂತರ ನಿಜವಾಗಿ 35 ರೂಪಾಯಿ. ಅನುಮಾನವಿರುವ ಉಡುಪನ್ನು ಹೊಸದೆಂದು ಕಳಿಸುವ ಆಸೆಯನ್ನು ತಣ್ಣಗಾಗಿಸಲು ಈ 35 ರೂಪಾಯಿ ಸಾಕು, ಏಕೆಂದರೆ ಅನುಮಾನದ ಉಡುಪು ಹತ್ತಕ್ಕೆ ಮೂರಲ್ಲ, ಐದೋ ಆರೋ ವಾಪಸ್ ಬರುತ್ತದೆ.

‘ಇಸ್ತ್ರಿ ಹೊಡೆದು ಚೀಲ ಬದಲಿಸಿದರೆ ಯಾರಿಗೆ ಗೊತ್ತಾಗುತ್ತದೆ, ಎಲ್ಲರೂ ಮಾಡುವುದೇ ಅದು’ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಕಾನೂನಿನ ಮಟ್ಟಿಗೆ ಉತ್ತರ ನೇರವಾಗಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಸೆಕ್ಷನ್ ಬಳಸಿದ, ಸರಿಪಡಿಸಿದ, ಹಳೆಯ ಸರಕನ್ನು ಹೊಸದೆಂದು ಬಿಂಬಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲೇ ಸೇರಿಸಿದೆ. ತೊಟ್ಟು ನೋಡಿ ಅಳತೆ ಹೊಂದದೆ ಬಿಟ್ಟ ಬಟ್ಟೆಗೂ ಧರಿಸಿ ಒಗೆದ ಬಟ್ಟೆಗೂ ನಡುವೆ ಗೆರೆ ಎಲ್ಲಿ ಎಂದು ವಾದಿಸಬಹುದು. ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಹತ್ತು ಜನ ತೊಟ್ಟು ನೋಡಿದ್ದನ್ನು ಯಾರೂ ಹಳೆಯದೆನ್ನುವುದಿಲ್ಲವಲ್ಲ. ನಾನು ಗೆರೆ ಎಳೆಯುವುದು ಹೀಗೆ: ಒಗೆದದ್ದು, ಕಲೆ ತೆಗೆದದ್ದು, ವಾಸನೆ ಹೋಗಿಸಿದ್ದು, ಹೊಲಿಗೆ ಹಾಕಿದ್ದು, ಟ್ಯಾಗ್ ಕತ್ತರಿಸಿ ಬಂದದ್ದು ಮತ್ತೆ ಹೊಸದಾಗುವುದಿಲ್ಲ. ಇಸ್ತ್ರಿ ಮತ್ತು ನೂಲು ಕತ್ತರಿಸುವುದರಾಚೆ ಏನಾದರೂ ಮಾಡಬೇಕಾಗಿ ಬಂದರೆ ಅದು ಸೆಕೆಂಡ್ಸ್. ಗೆರೆ ಸ್ವಲ್ಪ ಬಿಗಿಯಾಯಿತೆನ್ನಿಸಬಹುದು, ಆದರೆ ಮೇಜಿನ ಮುಂದೆ ನಿಂತ ಹುಡುಗನೋ ಹುಡುಗಿಯೋ ಮಾಲೀಕರನ್ನು ಕೂಗದೆ ತಾವೇ ನಿರ್ಧರಿಸಬಹುದು.

ಈ ಗೆರೆಯಿಂದ ರಿಪೇರಿಯ ಲೆಕ್ಕವೂ ಬದಲಾಗುತ್ತದೆ. ರಿಪೇರಿ ಮಾಡಿದ ಕುರ್ತಿ 245ರ ಕಪಾಟಿಗೆ ಏರುವುದಿಲ್ಲ, ಹೆಚ್ಚೆಂದರೆ 210ರ ಕಪಾಟಿಗೆ. ಮಾಡದಿದ್ದರೆ ಲಾಟಿನಲ್ಲಿ 60. ಅಂದರೆ ಕತ್ತಿನ ಮೇಲಿನ ಕ್ರೀಮ್ ಕಲೆ ಪೂರ್ತಿ ಹೋದರೆ ಲಾಭ 150. ಕಲೆ ತೆಗೆದು ಇಸ್ತ್ರಿ ಮಾಡಲು ಕೂಲಿ, ಸಾಮಗ್ರಿ ಸೇರಿ 35 ರೂಪಾಯಿ ಆಗುತ್ತದೆ ಎಂದರೆ, ನಾಲ್ಕು ಕುರ್ತಿಗೆ 140. ನಾಲ್ಕರಲ್ಲಿ ಒಂದು ಸರಿಹೋದರೆ ಖರ್ಚು ಹುಟ್ಟುತ್ತದೆ, ಅದಕ್ಕಿಂತ ಕಡಿಮೆಯಾದರೆ ಆ ಬಗೆಯ ಕಲೆಯನ್ನು ಮುಟ್ಟಲೇಬಾರದು. ಆದ್ದರಿಂದ ರಿಪೇರಿ ಕಪಾಟಿಗೆ ಒಂದು ಸಾದಾ ನೋಟ್‌ಬುಕ್ ಬೇಕು: ಯಾವ ಕಲೆ, ಯಾವ ಬಟ್ಟೆ, ಹೋಯಿತೋ ಇಲ್ಲವೋ. ಮುಖದ ಕ್ರೀಮು ಎಣ್ಣೆಯಂಶದ್ದು, ಬೇಗ ನೋಡಿದರೆ ಸಾಮಾನ್ಯವಾಗಿ ಹೋಗುತ್ತದೆ. ತಿಳಿ ಬಣ್ಣದ ಮೇಲಿನ ಅರಿಸಿನ, ಹಳೆಯ ಬೆವರಿನ ಹಳದಿ, ಮುಗ್ಗಲು ಹಿಡಿದ ಚುಕ್ಕಿ ಬಹುತೇಕ ಹೋಗುವುದಿಲ್ಲ, ಹೋದರೂ ಬಟ್ಟೆಯ ಬಣ್ಣವನ್ನು ಜೊತೆಗೆ ಕರೆದೊಯ್ಯುತ್ತವೆ. ಕಲೆಯ ಮೇಲೆ ಮೊದಲು ಇಸ್ತ್ರಿ ಹಾಕಿದರಂತೂ ಅದು ಬಟ್ಟೆಯಲ್ಲೇ ಕೂತುಬಿಡುತ್ತದೆ. ಪರೀಕ್ಷೆಗೆ ಮೊದಲೇ ಎಲ್ಲವನ್ನೂ ಇಸ್ತ್ರಿ ಮಾಡುವ ಅಭ್ಯಾಸವಿದ್ದರೆ ನಿಲ್ಲಿಸಿ. ಹೊಲಿಗೆ ಬಿಟ್ಟದ್ದು, ಗುಂಡಿ ಬಿದ್ದದ್ದು ಇದಕ್ಕಿಂತ ಸುಲಭ, ಅಗ್ಗ. ಅದನ್ನು ಲೆಕ್ಕ ಹಾಕದೆ ಮಾಡಿ ಮುಗಿಸಬಹುದು.

ಕಲೆ ತೆಗೆಯುವ ದ್ರವದ ಬಗ್ಗೆ ಒಂದು ಎಚ್ಚರಿಕೆ. ಗಾರ್ಮೆಂಟ್ಸ್‌ಗಳಲ್ಲಿ ಸ್ಪಾಟಿಂಗ್ ಗನ್ನಿನಿಂದ ಸಿಂಪಡಿಸುವ ದ್ರವಗಳಲ್ಲಿ ಟ್ರೈಕ್ಲೋರೊಎಥಿಲೀನ್ ಬಹುಕಾಲ ಬಳಕೆಯಲ್ಲಿತ್ತು. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತಪಡಿಸಿದೆ. ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ, ಡಬ್ಬಿಯ ಮೇಲೆ ಹೆಸರೇ ಇಲ್ಲದ ದ್ರವದಿಂದ ಈ ಕೆಲಸ ಮಾಡಿಸಬೇಡಿ. 150 ರೂಪಾಯಿಯ ಲಾಭಕ್ಕೆ ಪಾತ್ರೆ ತೊಳೆಯುವ ಸಾಬೂನು ದ್ರಾವಣ, ಮೆತ್ತನೆ ಬ್ರಷ್ಷು, ಕೆಳಗೆ ಹೀರುವ ಬಿಳಿ ಬಟ್ಟೆ ಸಾಕು. ಅದಕ್ಕೂ ಬಗ್ಗದ ಕಲೆ ಲಾಟಿಗೆ.

ಇಷ್ಟರವರೆಗೆ ಕಾಲವನ್ನು ಲೆಕ್ಕದಿಂದ ಹೊರಗಿಟ್ಟಿದ್ದೆ. ಉಡುಪಿನ ವ್ಯಾಪಾರದಲ್ಲಿ ಅದೇ ದೊಡ್ಡ ಖರ್ಚು. ನಮ್ಮ ಕುರ್ತಿ ದೀಪಾವಳಿಯ ಮಾಲು ಎಂದುಕೊಳ್ಳಿ. ಹಬ್ಬ ಮುಗಿದ ಮೇಲೆ ತಾಣದಲ್ಲಿ ಬೆಲೆ 499ಕ್ಕೆ ಇಳಿದು ಖಾತೆಗೆ 260 ಬೀಳುತ್ತದೆ. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ ಹತ್ತು ಕುರ್ತಿಗೆ 1,260, ಒಂದಕ್ಕೆ 126. ಸೆಕೆಂಡ್ಸ್ ಬೆಲೆಯೂ 220ಕ್ಕೆ ಇಳಿಯಿತೆನ್ನಿ. ಖರ್ಚು 60 ಕಳೆದು 160 ಉಳಿಯುತ್ತದೆ. ಮೂರು ವಾರದ ಹಿಂದೆ ‘ಹೊಸದು’ ಎಂಬ ಕಪಾಟು ಮೇಲಿತ್ತು, ಈಗ ಕೆಳಗಾಯಿತು. ಬಟ್ಟೆಯಲ್ಲಿ ಒಂದು ಎಳೆಯೂ ಬದಲಾಗಿಲ್ಲ. ಸ್ಥಿತಿಯನ್ನು ನೋಡಿ ದರ್ಜೆ ಕೊಡುವವರಿಗೆ ಇದು ಕಾಣುವುದೇ ಇಲ್ಲ. ಅವರ ಪುಸ್ತಕದಲ್ಲಿ ಅದು ಇನ್ನೂ ಮೊದಲ ದರ್ಜೆಯ ಕುರ್ತಿ. ಹಾಗಿದ್ದರೆ ಸ್ಥಿತಿ ನೋಡಿ ಕೊಡುವ ದರ್ಜೆಯಾದರೂ ಸ್ಥಿರ, ದಾರಿ ನೋಡಿ ಕೊಡುವುದು ದಿನಕ್ಕೊಂದು ಬಗೆ, ಇದರಿಂದ ಗೊಂದಲವಲ್ಲವೇ ಎಂದು ಕೇಳಬಹುದು. ಗೊಂದಲ ತಪ್ಪಿಸಲು ಎರಡನ್ನೂ ಬರೆಯಿರಿ: ಚೀಟಿಯಲ್ಲಿ ‘ಕತ್ತಿನ ಕಲೆ’ ಎಂಬ ಸಂಗತಿ, ಕಪಾಟಿನ ಮೇಲೆ ದಾರಿಯ ಹೆಸರು. ಯಾವ ಮಾಲಿಗೆ ಯಾವ ಕಪಾಟಿನಲ್ಲಿ ಎಷ್ಟು ಉಳಿಯುತ್ತದೆ ಎಂಬ ಒಂದು ಪುಟದ ಪಟ್ಟಿಯನ್ನು ಮಾಲೀಕರು ವಾರಕ್ಕೊಮ್ಮೆ ತಿದ್ದಿ ಮೇಜಿನ ಮೇಲೆ ಅಂಟಿಸಿದರೆ, ಸಂಗತಿ ಹಾಗೇ ಉಳಿದು ಕಪಾಟು ಮಾತ್ರ ಬದಲಾಗುತ್ತದೆ.

ಇದರಿಂದಲೇ ಕೆಲಸದ ಸರದಿಯೂ ತೀರ್ಮಾನವಾಗುತ್ತದೆ. ಪಾರ್ಸೆಲ್‌ಗಳನ್ನು ಬಂದ ಸರದಿಯಲ್ಲೇ ಬಿಚ್ಚಬೇಕು, ಏಕೆಂದರೆ ಬದಲಾದ ಮಾಲಿಗೆ ಪರಿಹಾರ ಕೇಳಲು ಮಾರಾಟ ತಾಣಗಳು ಕೆಲವೇ ದಿನಗಳ ಗಡುವು ಇಟ್ಟಿರುತ್ತವೆ. ಬಿಚ್ಚಿದ ಮೇಲಿನ ಕೆಲಸಕ್ಕೆ ಆ ಸರದಿ ಸಲ್ಲದು. ಬೆಲೆ ಬೇಗ ಬೀಳುವ ಹಬ್ಬದ ಮಾಲು, ಈಗಷ್ಟೇ ಚೆನ್ನಾಗಿ ಓಡುತ್ತಿರುವ ಡಿಸೈನು, ದಾಸ್ತಾನಿನಲ್ಲಿ ಮುಗಿದಿರುವ ಅಳತೆ ಮೊದಲು. ವರ್ಷವಿಡೀ ಹೋಗುವ ಕಪ್ಪು ಲೆಗಿಂಗ್ಸ್ ಕಡೆಗೆ. ರಿಪೇರಿ ಕಪಾಟಿಗೂ ಗಡುವು ಇರಲಿ. ಹತ್ತು ದಿನದಲ್ಲಿ ಕೈಹಾಕದಿದ್ದ ಕುರ್ತಿ ತಾನಾಗಿ ಲಾಟಿಗೆ ಇಳಿಯಬೇಕು.

ಇಷ್ಟೆಲ್ಲ ಏಕೆ, ವಾಪಸ್ ಬಂದದ್ದನ್ನೆಲ್ಲ ಒಟ್ಟಿಗೆ ಲಾಟಿಗೆ ಹಾಕಿ ಕೈತೊಳೆದುಕೊಂಡರೆ ಆಗದೇ ಎನ್ನುವವರ ಮಾತಿನಲ್ಲೂ ಹುರುಳಿದೆ. 199 ರೂಪಾಯಿಯ ಟಾಪ್ ಮಾರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಎರಡು ನಿಮಿಷದ ಪರೀಕ್ಷೆ, ಇಸ್ತ್ರಿ, ಚೀಲಕ್ಕೆ 20 ರೂಪಾಯಿ ಹಾಕಿದರೆ ಅದರ ಲಾಭವೆಲ್ಲ ಅಲ್ಲೇ ಕರಗುತ್ತದೆ. ಸ್ವಂತ ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಮೂಲಕ ಮಾರುವವರು ಇನ್ನೂ ಮುಂದೆ ಹೋಗಿ, ಅಷ್ಟು ಅಗ್ಗದ ಉಡುಪನ್ನು ವಾಪಸ್ ತರಿಸದೆ ಹಣ ಹಿಂತಿರುಗಿಸುವುದೇ ಮೇಲು, ಸಾಗಣೆಯ ಖರ್ಚಾದರೂ ಉಳಿಯುತ್ತದೆ. ಆದರೆ ನಮ್ಮ ಉದಾಹರಣೆಯಲ್ಲಿ ಲಾಟಿನ 60ಕ್ಕೂ ಹೊಸದರ 245ಕ್ಕೂ ನಡುವೆ 185 ರೂಪಾಯಿ ಇದೆ. ಪರೀಕ್ಷೆಗೆ ಒಳಪಡಿಸಿದ ಹತ್ತರಲ್ಲಿ ಎರಡು ಮೇಲಿನ ಕಪಾಟಿಗೆ ಹೋದರೂ ಆ ಕೂಲಿ ಹುಟ್ಟುತ್ತದೆ.

ಕೊನೆಯ ಕಪಾಟಿನ ಬಗ್ಗೆಯೇ ಹೆಚ್ಚು ತಪ್ಪು ತಿಳಿವಳಿಕೆ ಇರುವುದು. ದೊಡ್ಡ ಬ್ರ್ಯಾಂಡ್‌ಗಳು ಹೆಸರು ಕೆಡಬಾರದೆಂದು ಮಾಲನ್ನು ಸುಡುತ್ತಿದ್ದ ಕಾಲವಿತ್ತು. ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಸರಕನ್ನು ನಾಶಮಾಡಿದ್ದು 2018ರಲ್ಲಿ ಅದರ ವಾರ್ಷಿಕ ವರದಿಯಿಂದಲೇ ಬಯಲಾಗಿ, ಟೀಕೆ ಎದ್ದು, ಅದೇ ವರ್ಷ ಆ ಪದ್ಧತಿ ನಿಲ್ಲಿಸಿತು. ಐರೋಪ್ಯ ಒಕ್ಕೂಟ 2024ರಲ್ಲಿ ಜಾರಿಗೆ ತಂದ ಕಾನೂನಿನ ಪ್ರಕಾರ 2026ರ ಜುಲೈ 19ರಿಂದ ದೊಡ್ಡ ಕಂಪನಿಗಳು ಮಾರಾಟವಾಗದ ಉಡುಪು, ಪಾದರಕ್ಷೆಗಳನ್ನು ನಾಶಮಾಡುವಂತಿಲ್ಲ, ಮತ್ತು ಕೊಂಡವರು ಮನಸ್ಸು ಬದಲಿಸಿ ಹಿಂತಿರುಗಿಸಿದ್ದನ್ನೂ ಅದು ‘ಮಾರಾಟವಾಗದ್ದು’ ಎಂದೇ ಎಣಿಸುತ್ತದೆ. ನಮ್ಮ ಸಣ್ಣ ಘಟಕಕ್ಕೆ ಆ ಕಾನೂನು ತಗಲುವುದಿಲ್ಲ. ಆದರೂ ಹೆಸರಿನ ಚಿಂತೆ ಇದ್ದವರು ಸುಡುವ ಬದಲು ಕತ್ತಿನ ಲೇಬಲ್ ಕತ್ತರಿಸಿ ಲಾಟಿಗೆ ಹಾಕಬಹುದು. ಆ ಕೂಲಿಯನ್ನು ಲಾಟಿನ ದರದಲ್ಲಿ ಕಳೆದು ನೋಡಿದರೆ ಸಾಕು.

ಲಾಟಿಗೂ ಲಾಯಕ್ಕಿಲ್ಲದ್ದು ಚಿಂದಿ, ಮತ್ತು ಚಿಂದಿಯ ಬೆಲೆ ನೂಲಿನ ಜಾತಿಯ ಮೇಲೆ ನಿಂತಿದೆ. ಹತ್ತಿಯ ಹೊಸೈರಿ ಬಟ್ಟೆ ಎಣ್ಣೆ, ನೀರು ಹೀರುವುದರಿಂದ ಗ್ಯಾರೇಜು, ಛಾಪಾಖಾನೆಗಳಲ್ಲಿ ಒರೆಸುವ ಬಟ್ಟೆಯಾಗುತ್ತದೆ. ಪಾಲಿಯೆಸ್ಟರ್ ಹೀರುವುದಿಲ್ಲ, ಅಲ್ಲಿ ಅದನ್ನು ಕೇಳುವವರಿಲ್ಲ. ಹರಿಯಾಣದ ಪಾಣಿಪತ್‌ನಲ್ಲಿ ಹಳೆ ಬಟ್ಟೆಯನ್ನು ಬಣ್ಣವಾರು ಬೇರ್ಪಡಿಸಿ, ಗುಂಡಿ ಜಿಪ್ಪು ಕಿತ್ತು, ಯಂತ್ರದಲ್ಲಿ ಹರಿದು ಮತ್ತೆ ನೂಲು ತೆಗೆದು ಕಂಬಳಿ ನೇಯುವ ದೊಡ್ಡ ಉದ್ಯಮವೇ ಇದೆ. ಆದರೆ ಹರಿಯುವಾಗ ಎಳೆ ಗಿಡ್ಡವಾಗುತ್ತದೆ. ಹಿಗ್ಗುವ ಇಲಾಸ್ಟೇನ್ ಬೆರೆತ ಬಟ್ಟೆ, ಚಮಕಿ ಜರಿ ಅಂಟಿಸಿದ ಬಟ್ಟೆ ಆ ಯಂತ್ರಕ್ಕೆ ತಲೆನೋವು. ಮರುಬಳಕೆಗೆ ಕೊಟ್ಟೆವೆಂದು ಸಮಾಧಾನಪಡುವ ಮುನ್ನ ಕೊಂಡವರು ಯಾವ ಬಗೆಯದನ್ನು ನಿಜವಾಗಿ ಬಳಸುತ್ತಾರೆ, ಯಾವುದನ್ನು ಕಸಕ್ಕೆ ಎಸೆಯುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ದಾನ ಕೊಡುವುದಾದರೆ ಶುಭ್ರವಾದದ್ದನ್ನು, ತೊಡಲು ಬರುವುದನ್ನು ಮಾತ್ರ ಕೊಡಿ. ಕಲೆಯ ಬಟ್ಟೆಯನ್ನು ಆಶ್ರಮಕ್ಕೆ ಕಳಿಸಿದರೆ ಎಸೆಯುವ ಕೆಲಸ ಅವರ ತಲೆಗೆ ಬೀಳುತ್ತದೆ, ಅಷ್ಟೇ.

ಇಲ್ಲಿ ತೆರಿಗೆಯ ಒಂದು ಅಂಶ ಗೊತ್ತಿರಬೇಕು. ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಕಳೆದುಹೋದ, ನಾಶಮಾಡಿದ, ಪುಸ್ತಕದಿಂದ ತೆಗೆದುಹಾಕಿದ ಅಥವಾ ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಪಡೆದಿದ್ದ ಇನ್‌ಪುಟ್ ಕ್ರೆಡಿಟ್ ಹಿಂತಿರುಗಿಸಬೇಕು. ಕಡಿಮೆ ಬೆಲೆಗಾದರೂ ಬಿಲ್ ಹಾಕಿ ಮಾರಿದರೆ ಈ ಸಮಸ್ಯೆ ಬರುವುದಿಲ್ಲ. ನಮ್ಮ ಕುರ್ತಿಯಂಥದ್ದರಲ್ಲಿ ಈ ಮೊತ್ತ ಕೆಲವೇ ರೂಪಾಯಿ, ದಾನ ಕೊಡಬೇಕೋ ಬೇಡವೋ ಎಂಬುದನ್ನು ಅದು ನಿರ್ಧರಿಸಬೇಕಾಗಿಲ್ಲ. ಆದರೆ ಯಾವ ಉಡುಪು ಯಾವ ದಿನ ಯಾವ ಕಪಾಟಿಂದ ಹೊರಹೋಯಿತು ಎಂಬ ದಾಖಲೆ ಇಲ್ಲದಿದ್ದರೆ ಎಷ್ಟು ಹಿಂತಿರುಗಿಸಬೇಕೆಂದು ಲೆಕ್ಕಪರಿಶೋಧಕರಿಗೂ ಹೇಳಲಾಗದು.

ಅದೇ ದಾಖಲೆಗೆ ಇನ್ನೊಂದು ಉಪಯೋಗವೂ ಇದೆ. ವಾಪಸ್ ಮಾಡುವಾಗ ಗ್ರಾಹಕರು ತಾಣದಲ್ಲಿ ಒತ್ತುವ ಕಾರಣವನ್ನು ಪೂರ್ತಿ ನಂಬಬೇಡಿ. ‘ಅಳತೆ ಸರಿಯಿಲ್ಲ’ ಎಂಬುದು ಎಲ್ಲದಕ್ಕೂ ಸುಲಭದ ಉತ್ತರ. ಆದರೆ ಒಂದೇ ಡಿಸೈನಿನ ಎಲ್ ಅಳತೆ ಮಾತ್ರ ಎಂ, ಎಕ್ಸ್‌ಎಲ್‌ಗಿಂತ ಎದ್ದು ಕಾಣುವಷ್ಟು ಹೆಚ್ಚು ಮರಳುತ್ತಿದ್ದರೆ, ಅದರ ಐದಾರು ಉಡುಪು ಎತ್ತಿಕೊಂಡು ಎದೆಯ ಸುತ್ತಳತೆಯನ್ನು ಟೇಪ್ ಹಿಡಿದು ನೋಡಿ, ತಾಣದಲ್ಲಿ ನೀವೇ ಹಾಕಿರುವ ಅಳತೆಯ ಪಟ್ಟಿಯ ಜೊತೆ ಹೋಲಿಸಿ. ಎಲ್ಲವೂ ಒಂದೇ ದಿಕ್ಕಿನಲ್ಲಿ ಅರ್ಧ ಇಂಚು ಕಡಿಮೆ ಬಂದರೆ ಕತ್ತರಿಸುವಾಗಲೇ ತಪ್ಪಿದೆ. ಹಾಗಾದಾಗ ಆ ಕುರ್ತಿಗಳನ್ನು ಹೊಸದೆಂದು ಮತ್ತೆ ಕಳಿಸುವ ಮೊದಲು ಪಟ್ಟಿಯನ್ನು ತಿದ್ದಿ, ಗೋದಾಮಿನಲ್ಲಿ ಉಳಿದ ಆ ಲಾಟಿನ ಎಲ್ ಅಳತೆಯನ್ನೂ ಟೇಪ್ ಹಿಡಿದು ನೋಡುವವರೆಗೆ ಮಾರಾಟ ನಿಲ್ಲಿಸಿ.